ಯಂತ್ರಾನುವಾದದ ಪರಿಶೀಲನೆ: ನಿಷೇಧ, ಕರ್ತೃ ಮತ್ತು ಸಂಖ್ಯೆ

ಕನ್ನಡದ ದಾಖಲೆಗಳನ್ನು ಯಂತ್ರದ ಮೂಲಕ ಇಂಗ್ಲಿಷಿಗೆ ತಂದು, ಅನಂತರ ಅವುಗಳನ್ನು ತಿದ್ದುವ ಪದ್ಧತಿ ಈಗ ರೂಢಿಯಲ್ಲಿದೆ. ತಿದ್ದುವವರು ಸಾಮಾನ್ಯವಾಗಿ ಇಂಗ್ಲಿಷ್ ಪಾಠವನ್ನು ಮೊದಲು ಓದುತ್ತಾರೆ. ಎಲ್ಲಿ ವಾಕ್ಯ ತೊಡಕೆನಿಸುತ್ತದೆಯೋ ಅಲ್ಲಿ ಮಾತ್ರ ಮೂಲಕ್ಕೆ ಮರಳುತ್ತಾರೆ. ಆದರೆ ಅತ್ಯಂತ ಹಾನಿಕರವಾದ ಮೂರು ದೋಷಗಳು ತೊಡಕಿಲ್ಲದ ವಾಕ್ಯಗಳಲ್ಲಿಯೇ ಅಡಗಿರುತ್ತವೆ. ನಿಷೇಧ ಬಿಟ್ಟುಹೋಗುವುದು, ಕರ್ತೃ ಪಲ್ಲಟವಾಗುವುದು, ಸಂಖ್ಯೆ ತಪ್ಪುವುದು ಇವೇ ಆ ಮೂರು.

ಪರಿಶೀಲನೆಯ ಕ್ರಮವನ್ನು ವಿವರಿಸಲು ರಚಿಸಿಕೊಂಡ ಒಂದು ವಾಕ್ಯವನ್ನು ಇಲ್ಲಿ ಗಮನಿಸಬಹುದು: ‘ಶಾನುಭೋಗರು ಕರೆಸಿದ ಪಟೇಲರು, ಸಾಲ ತೀರಿಸದ ರೈತನ 2-20 ಎಕರೆ ಜಮೀನನ್ನು ಹರಾಜು ಹಾಕಬಾರದೆಂದು ಹೇಳಿದರು.’ ಇದರ ಇಂಗ್ಲಿಷ್ ಪಾಠವು ಹೀಗೆ ಅರ್ಥಕೊಡುವಂತೆ ಬಂದಿದೆಯೆಂದು ಭಾವಿಸೋಣ: ‘ಪಟೇಲರನ್ನು ಕರೆಸಿದ ಶಾನುಭೋಗರು, ಸಾಲ ತೀರಿಸಿದ ರೈತನ 2.20 ಎಕರೆ ಜಮೀನನ್ನು ಹರಾಜು ಹಾಕಬಾರದೆಂದು ಹೇಳಿದರು.’ ಇಂಗ್ಲಿಷನ್ನು ಮಾತ್ರ ಓದುವವರಿಗೆ ಇಲ್ಲಿ ಸಂದೇಹ ಹುಟ್ಟಲು ಕಾರಣವೇ ಇಲ್ಲ. ಸಾಲ ತೀರಿಸಿದವನ ಜಮೀನನ್ನು ಹರಾಜು ಹಾಕಬಾರದೆಂಬುದು ಮೂಲಕ್ಕಿಂತಲೂ ಸಹಜವಾಗಿ ಕೇಳಿಸುತ್ತದೆ. ಬಾಕಿದಾರನ ಪರವಾಗಿ ಪಟೇಲರು ನಿಂತರೆಂಬ, ಸಂಶೋಧಕನಿಗೆ ಮುಖ್ಯವಾದ ಸಂಗತಿ ಮಾತ್ರ ಕಾಣೆಯಾಗಿದೆ.

ಮೊದಲನೆಯದು ನಿಷೇಧ. ‘ತೀರಿಸಿದ’ ಎಂಬ ಭೂತ ಕೃದಂತಕ್ಕೂ ‘ತೀರಿಸದ’ ಎಂಬ ನಿಷೇಧ ಕೃದಂತಕ್ಕೂ ಬರಹದಲ್ಲಿರುವ ಅಂತರ ಒಂದು ಗುಡಿಸು ಮಾತ್ರ. ಇಂಗ್ಲಿಷಿನಲ್ಲಿ ನಿಷೇಧವು ಬಹುಮಟ್ಟಿಗೆ ಪ್ರತ್ಯೇಕ ಪದವಾಗಿ ನಿಲ್ಲುತ್ತದೆ. ಕನ್ನಡದಲ್ಲಿ ಅದು ಕ್ರಿಯಾಪದದೊಳಗೆ ಸೇರಿಹೋಗುತ್ತದೆ. ಪದವನ್ನು ತುಂಡುಗಳಾಗಿ ಒಡೆದು ಓದುವ ಯಂತ್ರಕ್ಕೆ ಈ ಅಂತರ ತಪ್ಪಿಹೋಗುವುದು ಸುಲಭ. ಆದ್ದರಿಂದ ಇಂಗ್ಲಿಷನ್ನು ನೋಡುವ ಮೊದಲೇ ಮೂಲದಲ್ಲಿರುವ ಇಲ್ಲ, ಅಲ್ಲ, ಬೇಡ, ಬಾರದು, ಕೂಡದು ಎಂಬ ರೂಪಗಳಿಗೂ ‘-ಅದ’, ‘-ಅದೆ’ ಎಂದು ಮುಗಿಯುವ ನಿಷೇಧ ರೂಪಗಳಿಗೂ ಗೆರೆ ಎಳೆದು ಎಣಿಸಬೇಕು. ಮೇಲಿನ ವಾಕ್ಯದಲ್ಲಿ ಇಂಥವು ಎರಡು; ಇಂಗ್ಲಿಷ್ ಪಾಠದಲ್ಲಿ ಉಳಿದಿರುವುದು ಒಂದು. ಎಣಿಕೆ ಹೊಂದದಿದ್ದರೆ ಅಲ್ಲಿ ದೋಷ ಇದ್ದೇ ಇದೆಯೆಂದಲ್ಲ, ಅಲ್ಲಿ ನಿಂತು ನೋಡಬೇಕೆಂದು ಅರ್ಥ. ‘ಅಲ್ಲದೆ’ ಎಂಬುದು ‘ಜೊತೆಗೆ’ ಎಂಬರ್ಥದಲ್ಲಿ ಬಂದಾಗ ನಿಷೇಧವಾಗುವುದಿಲ್ಲ. ‘ಹೋಗದೆ ಇರಲಾರರು’ ಎಂಬಲ್ಲಿ ಎರಡು ನಿಷೇಧಗಳು ಸೇರಿ ವಿಧಿಯಾಗುತ್ತವೆ.

ಎರಡನೆಯದು ಕರ್ತೃ. ‘ಶಾನುಭೋಗರು ಕರೆಸಿದ ಪಟೇಲರು’ ಎಂದರೆ ಕರೆಸಿಕೊಂಡವರು ಪಟೇಲರು. ‘ಶಾನುಭೋಗರನ್ನು ಕರೆಸಿದ ಪಟೇಲರು’ ಎಂದರೆ ಕರೆಸಿದವರು ಪಟೇಲರು. ಇಡೀ ಸಂಬಂಧವು ದ್ವಿತೀಯಾ ವಿಭಕ್ತಿಯ ಒಂದು ಪ್ರತ್ಯಯದ ಮೇಲೆ ನಿಂತಿದೆ. ಇಂಗ್ಲಿಷಿನಲ್ಲಿ ಈ ಹೊಣೆಯನ್ನು ಪದಕ್ರಮವು ಹೊರುತ್ತದೆ. ಪರಿಶೀಲಕರು ಪ್ರತಿಯೊಂದು ಕ್ರಿಯೆಗೂ ಮಾಡಿದವರು ಯಾರು, ಯಾರಿಗೆ ಅಥವಾ ಯಾವುದಕ್ಕೆ ಎಂಬ ಎರಡು ಪ್ರಶ್ನೆಗಳನ್ನು ಮೂಲಕ್ಕೆ ಹಾಕಿ, ಉತ್ತರವನ್ನು ಅಂಚಿನಲ್ಲಿ ಗುರುತಿಸಿಕೊಂಡು, ಆಮೇಲೆ ಇಂಗ್ಲಿಷಿಗೂ ಅವೇ ಪ್ರಶ್ನೆಗಳನ್ನು ಹಾಕಬೇಕು. ಕರ್ತೃಪದ ಲೋಪವಾಗಿರುವಲ್ಲಿ ‘ಬಂದನು’, ‘ಬಂದಳು’ ಎಂಬ ಆಖ್ಯಾತ ಪ್ರತ್ಯಯವೇ ಸಾಕ್ಷಿ. ‘ಹೇಳಿದರು’ ಎಂಬಲ್ಲಿ ಮಾತ್ರ ಅದು ಗೌರವವೋ ಬಹುತ್ವವೋ, ಗಂಡೋ ಹೆಣ್ಣೋ ಎಂಬುದನ್ನು ಹಿಂದಿನ ವಾಕ್ಯಗಳಿಂದ ತಿಳಿಯಬೇಕಾಗುತ್ತದೆ.

ಮೂರನೆಯದು ಸಂಖ್ಯೆ. ಭೂದಾಖಲೆಗಳಲ್ಲಿ 2-20 ಎಂದರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಇದು ಎರಡೂವರೆ ಎಕರೆ, ಅಂದರೆ 100 ಗುಂಟೆ. ದಶಮಾಂಶವಾಗಿ ಬರೆದ 2.20 ಎಕರೆಯಾದರೋ 88 ಗುಂಟೆ. ಅಂಕಿಗಳು ಅವೇ ಉಳಿದರೂ ರೈತನ 12 ಗುಂಟೆ ನಷ್ಟವಾಗಿದೆ. ಹೀಗಾಗಿ ಅಂಕಿಗೆ ಅಂಕಿ ಹೋಲಿಸಿದರೆ ಸಾಲದು, ಮಾನವನ್ನೂ ಹೋಲಿಸಬೇಕು. ಹಣದ ಮೊತ್ತಗಳಲ್ಲಿ ಲಕ್ಷವು ಮಿಲಿಯನ್ ಆಗುವ ಅಪಾಯವುಂಟು. 10 ಲಕ್ಷಕ್ಕೆ 1 ಮಿಲಿಯನ್, 1 ಕೋಟಿಗೆ 10 ಮಿಲಿಯನ್ ಎಂಬ ಲೆಕ್ಕದಲ್ಲಿ ಸೊನ್ನೆಗಳನ್ನು ಬಿಡಿಸಿ ಬರೆದು ನೋಡುವುದೇ ಸುರಕ್ಷಿತ. ‘ಒಂದೂವರೆ ಲಕ್ಷ’ದಂಥ ಅಕ್ಷರರೂಪದ ಸಂಖ್ಯೆಗಳನ್ನೂ ಮೊದಲು 1,50,000 ಎಂದು ಅಂಕಿಗೆ ತಂದುಕೊಳ್ಳಬೇಕು.

ಈ ಮೂರನ್ನೂ ಒಂದೇ ಓದಿನಲ್ಲಿ ಹಿಡಿಯಲು ಹೊರಟರೆ ಯಾವುದಾದರೊಂದು ಜಾರುತ್ತದೆ. ಒಂದೊಂದಕ್ಕೂ ಪ್ರತ್ಯೇಕ ಓದು ಅಗತ್ಯ. ಈ ವಿಧಾನಕ್ಕೂ ಮಿತಿಯುಂಟು. ‘ಎಲ್ಲರೂ ಬರಲಿಲ್ಲ’ ಎಂಬುದು ಯಾರೂ ಬರಲಿಲ್ಲವೆಂದೂ ಕೆಲವರಷ್ಟೇ ಬಂದರೆಂದೂ ಅರ್ಥಕೊಡಬಲ್ಲುದು. ಇಂಥಲ್ಲಿ ನಿಷೇಧದ ಎಣಿಕೆ ಸರಿಯಾಗಿದ್ದರೂ ಅನುವಾದ ತಪ್ಪಾಗಿರಬಹುದು. ಅಲ್ಲಿ ಸಂದರ್ಭವೊಂದೇ ಪ್ರಮಾಣ. ಸಂದರ್ಭವೂ ನೆರವಾಗದಿದ್ದರೆ ಆ ಸಂದಿಗ್ಧತೆಯನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುವುದು ಯುಕ್ತ.