ಸರಿಪಡಿಸು, ಸರಿಪಡಿಸಿದೆವು, ಸರಿಪಡಿಸಲಾಗಿದೆ

ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕದ ಲೆಕ್ಕವಿಡುವ ತಂತ್ರಾಂಶವಿದೆ ಎಂದುಕೊಳ್ಳೋಣ. ಪುಸ್ತಕ ಹಿಂತಿರುಗಿಸಲು ಶನಿವಾರ ಕೊನೆಯ ದಿನ. ಭಾನುವಾರ ವಾರದ ರಜೆ, ಸೋಮವಾರ ಹಬ್ಬ. ವಿದ್ಯಾರ್ಥಿಯೊಬ್ಬ ಮಂಗಳವಾರ ಬೆಳಿಗ್ಗೆಯೇ ಬಂದು ಪುಸ್ತಕ ಕೊಟ್ಟರೂ ತಂತ್ರಾಂಶ ಮೂರು ದಿನದ ದಂಡ ಕೇಳುತ್ತದೆ. ಬಾಗಿಲು ಮುಚ್ಚಿದ್ದ ಎರಡು ದಿನಗಳೂ ಲೆಕ್ಕಕ್ಕೆ ಸೇರಿಬಿಟ್ಟಿವೆ. ಇದನ್ನು ತಿದ್ದಲು ಪ್ರೋಗ್ರಾಮರ್‌ಗೆ ಹತ್ತು ಸಾಲಿನ ಕೋಡ್ ಸಾಕಾಗಬಹುದು. ಆದರೆ ಆ ಹತ್ತು ಸಾಲಿನ ಬಗ್ಗೆ ಕನಿಷ್ಠ ಮೂರು ಕಡೆ ಬರೆಯಬೇಕಾಗುತ್ತದೆ: ಕೋಡ್ ಸೇರಿಸುವಾಗ ಕಮಿಟ್ ಸಂದೇಶದಲ್ಲಿ, ಹೊಸ ಆವೃತ್ತಿ ಹೊರಬಿಡುವಾಗ ರಿಲೀಸ್ ನೋಟ್ಸ್‌ನಲ್ಲಿ, ವಾರದ ಕೊನೆಗೆ ಮೇಲಿನವರಿಗೆ ಕಳಿಸುವ ಪ್ರಗತಿ ವರದಿಯಲ್ಲಿ.

ಮೂರರಲ್ಲೂ ಹೇಳಬೇಕಾದ ವಿಷಯ ಒಂದೇ. ಕ್ರಿಯಾಪದದ ರೂಪ ಮಾತ್ರ ಮೂರು ಕಡೆಯೂ ಬೇರೆ. ಇದನ್ನು ಬರಹಗಾರರ ಅಭಿರುಚಿಯ ಪ್ರಶ್ನೆ ಎಂದು ತಿಳಿದವರು ಬಹಳ. ನಿಜವಾಗಿ ಇದು ಓದುಗ ಎಲ್ಲಿ ನಿಂತಿದ್ದಾನೆ ಎಂಬುದರ ಪ್ರಶ್ನೆ. ಬದಲಾವಣೆ ಅವನ ಪಾಲಿಗೆ ಇನ್ನೂ ಆಗಬೇಕಿದೆಯೋ, ಈಗಾಗಲೇ ಆಗಿ ಕೈಯಲ್ಲಿದೆಯೋ, ಒಂದು ದಿನ ನಡೆದುಹೋದ ಘಟನೆಯೋ ಎಂಬುದನ್ನು ನೋಡಿಕೊಂಡು ರೂಪವನ್ನು ಆರಿಸಬೇಕು.

ಕೋಡ್‌ಗೆ ಕೊಡುವ ಅಪ್ಪಣೆ

ಮೊದಲು ಕಮಿಟ್ ಸಂದೇಶ. ಕೋಡ್‌ನಲ್ಲಿ ಆದ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಎಂಬ ಸಾಧನವನ್ನು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನೆಲ್ ಕೆಲಸಕ್ಕಾಗಿ ಬರೆದರು. ಕರ್ನೆಲ್‌ಗೂ ಗಿಟ್‌ಗೂ ಕೋಡ್ ಕಳಿಸುವವರಿಗಾಗಿ ಇರುವ ಮಾರ್ಗಸೂಚಿಗಳು ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳುತ್ತವೆ: ನಿಮ್ಮ ಬದಲಾವಣೆಯನ್ನು ವಿಧ್ಯರ್ಥದಲ್ಲಿ, ಕೋಡ್‌ಗೇ ಅಪ್ಪಣೆ ಕೊಡುವಂತೆ ಬರೆಯಿರಿ, ‘ನಾನು ಹೀಗೆ ಬದಲಾಯಿಸಿದೆ’ ಎಂದು ಬರೆಯಬೇಡಿ.

ಇದಕ್ಕೆ ಕಾರಣ ಕೆಲಸದ ರೀತಿಯಲ್ಲೇ ಇದೆ. ಈ ಯೋಜನೆಗಳಲ್ಲಿ ಪ್ರೋಗ್ರಾಮರ್ ತನ್ನ ಬದಲಾವಣೆಯನ್ನು ಪ್ಯಾಚ್ ಆಗಿ ಇಮೇಲ್‌ನಲ್ಲಿ ಕಳಿಸುತ್ತಾನೆ. ಅದನ್ನು ಓದುವ ನಿರ್ವಾಹಕರ ಕೋಡ್‌ನಲ್ಲಿ ಆ ತಿದ್ದುಪಡಿ ಇನ್ನೂ ಇಲ್ಲ. ಒಪ್ಪಿದರೆ ಸೇರಿಸುತ್ತಾರೆ, ಇಲ್ಲವಾದರೆ ಬಿಡುತ್ತಾರೆ. ಅವರ ಮಟ್ಟಿಗೆ ಏನೂ ‘ಆಗಿಲ್ಲ’. ಪ್ಯಾಚ್ ಎಂಬುದು ಸೇರಿಸಿದಾಗ ನಡೆಯಬೇಕಾದ ಕೆಲಸ. ನಮ್ಮ ಗ್ರಂಥಾಲಯದ ತಿದ್ದುಪಡಿಯ ಸಂದೇಶ ಹೀಗಿರಬಹುದು:

```
fine: skip holidays when counting overdue days

Overdue days are counted straight off the calendar,
so members are fined for days the library is closed.

Drop the dates in the holiday table before counting.
```

ಮೊದಲ ಸಾಲು, ದಂಡದ ಲೆಕ್ಕದಲ್ಲಿ ರಜಾ ದಿನಗಳನ್ನು ಬಿಡು ಎನ್ನುವ ಅಪ್ಪಣೆ. ಕೊನೆಯ ಸಾಲು, ಎಣಿಸುವ ಮೊದಲು ರಜಾಪಟ್ಟಿಯ ದಿನಾಂಕಗಳನ್ನು ತೆಗೆ ಎನ್ನುವ ಇನ್ನೊಂದು ಅಪ್ಪಣೆ. ನಡುವಿನ ಭಾಗವನ್ನು ಗಮನಿಸಿ. ಅಲ್ಲಿ ಸಮಸ್ಯೆಯ ವಿವರಣೆಯಿದೆ, ಅದು ವರ್ತಮಾನಕಾಲದಲ್ಲಿದೆ: ಕ್ಯಾಲೆಂಡರ್ ನೋಡಿ ನೇರವಾಗಿ ಎಣಿಸುತ್ತದೆ, ಹಾಗಾಗಿ ಮುಚ್ಚಿದ ದಿನಕ್ಕೂ ದಂಡ ಬೀಳುತ್ತದೆ. ಈ ಕಮಿಟ್ ಸೇರಿದ ಕ್ಷಣವೇ ಆ ಮಾತು ಸುಳ್ಳಾಗುತ್ತದೆ. ಆದರೂ ಇಲ್ಲಿ ‘ಎಣಿಸುತ್ತಿತ್ತು’ ಎಂದು ಬರೆಯಬಾರದು ಎನ್ನುತ್ತದೆ ಗಿಟ್‌ನ ಮಾರ್ಗಸೂಚಿ. ಬರೆಯುವವನೂ ಓದುವವನೂ ಬದಲಾವಣೆಯ ಹೊಸ್ತಿಲಿನ ಈಚೆಗೇ ನಿಂತಿರುತ್ತಾರೆ. ಅಲ್ಲಿಂದ ಕಾಣುವುದು ಇಂದಿನ ಸ್ಥಿತಿ.

ಈ ರೂಪದ ಉಪಯೋಗ ಗೊತ್ತಾಗುವುದು ಕಮಿಟ್ ತನ್ನ ಜಾಗ ಬಿಟ್ಟು ಹೊರಟಾಗ. ತಿದ್ದುಪಡಿಯನ್ನು 4.2ನೇ ಆವೃತ್ತಿಗೆಂದು ಬರೆದಿದ್ದೇವೆ. ಕೆಲವು ಕಾಲೇಜುಗಳು ಇನ್ನೂ 4.1ರಲ್ಲೇ ಇವೆ. ಎರಡು ತಿಂಗಳ ನಂತರ ಅದೇ ಕಮಿಟ್ಟನ್ನು `git cherry-pick` ಆಜ್ಞೆಯಿಂದ 4.1ರ ಬ್ರಾಂಚಿಗೂ ತರುತ್ತೇವೆ. ಸಂದೇಶವೂ ಜೊತೆಗೇ ಬರುತ್ತದೆ. ‘ಬಿಟ್ಟೆವು’ ಎಂದು ಬರೆದಿದ್ದರೆ, ಅದು ಎಲ್ಲಿ, ಯಾವಾಗ ಬಿಟ್ಟದ್ದು ಎಂಬ ಗೊಂದಲ ಬರುತ್ತಿತ್ತು. ‘ಬಿಡು’ ಎಂಬುದು ಯಾವ ಬ್ರಾಂಚಿನಲ್ಲಿ, ಯಾವ ದಿನ ಓದಿದರೂ ಸರಿಯಾಗಿಯೇ ಕೂರುತ್ತದೆ. ಗಿಟ್ ತಾನಾಗಿ ಬರೆಯುವ ಸಂದೇಶಗಳೂ ಇದೇ ರೂಪದವು. ಎರಡು ಬ್ರಾಂಚ್ ಸೇರಿಸಿದಾಗ ಅದು `Merge branch` ಎಂದು ಶುರುಮಾಡುತ್ತದೆ, ಕಮಿಟ್ ಹಿಂತೆಗೆದುಕೊಂಡಾಗ ಹಳೆಯ ಶೀರ್ಷಿಕೆಯ ಮುಂದೆ `Revert` ಎಂದು ಅಂಟಿಸುತ್ತದೆ. ಮನುಷ್ಯರು ಬರೆದ ಸಾಲುಗಳೂ ಅದೇ ರೂಪದಲ್ಲಿದ್ದರೆ ಇಡೀ ಪಟ್ಟಿ ಒಂದೇ ಧಾಟಿಯಲ್ಲಿ ಓದಿಸಿಕೊಳ್ಳುತ್ತದೆ. ಆದರೆ ಇದು ರೂಢಿಯಷ್ಟೇ. ಭೂತಕಾಲದಲ್ಲಿ ಬರೆದರೆ ಗಿಟ್ ತಡೆಯುವುದಿಲ್ಲ, ಹಾಗೆ ಬರೆಯುವ ತಂಡಗಳೂ ಇವೆ.

ಬಳಕೆದಾರರ ಎದುರಿಗೆ ಅಪ್ಪಣೆ ಬಂದಾಗ

ತೊಂದರೆ ಶುರುವಾಗುವುದು ಕಮಿಟ್ ಶೀರ್ಷಿಕೆಗಳನ್ನೇ ಗುಡ್ಡೆ ಹಾಕಿ ರಿಲೀಸ್ ನೋಟ್ಸ್ ಮಾಡಿದಾಗ. ಎರಡು ಆವೃತ್ತಿಗಳ ನಡುವಿನ ಶೀರ್ಷಿಕೆಗಳನ್ನು ಸಾಲಾಗಿ ಪಡೆಯಲು `git log --oneline v4.1..v4.2` ಎಂದು ಒಂದು ಆಜ್ಞೆ ಕೊಟ್ಟರೆ ಸಾಕು. ಅವಸರದಲ್ಲಿರುವ ತಂಡ ಅದನ್ನೇ ಕನ್ನಡಕ್ಕೆ ತಿರುಗಿಸಿ ಹೊರಬಿಡುತ್ತದೆ. ಕೌಂಟರಿನಲ್ಲಿ ಕುಳಿತ ಗ್ರಂಥಪಾಲಕಿ ಓದುವುದು ಹೀಗೆ:

‘ದಂಡದ ಲೆಕ್ಕದಲ್ಲಿ ರಜಾ ದಿನಗಳನ್ನು ಬಿಡಿ.’
‘ಸದಸ್ಯರ ವಿಳಾಸದ ದೋಷ ಸರಿಪಡಿಸಿ.’
‘ರಜಾಪಟ್ಟಿಯಲ್ಲಿ ಈ ವರ್ಷದ ದಿನಾಂಕಗಳನ್ನು ತುಂಬಿ.’

ಇವುಗಳಲ್ಲಿ ಅವರು ಮಾಡಬೇಕಾದ ಕೆಲಸ ಮೂರನೆಯದು ಮಾತ್ರ. ಮೊದಲ ಎರಡನ್ನು ಪ್ರೋಗ್ರಾಮರ್ ಮಾಡಿ ಮುಗಿಸಿದ್ದಾನೆ. ಆದರೆ ಮೂರೂ ಒಂದೇ ರೂಪದಲ್ಲಿರುವುದರಿಂದ ಅವರು ಇನ್ನು ಮುಂದೆ ದಂಡವನ್ನು ಕೈಯಾರೆ ಕಳೆಯಬೇಕೇನೋ ಎಂದುಕೊಳ್ಳುತ್ತಾರೆ. ಹಾಗೆ ಕಳೆದರೆ ರಜಾ ದಿನ ಎರಡು ಸಲ ಲೆಕ್ಕದಿಂದ ಹೋಗುತ್ತದೆ. ಇಲ್ಲವೇ ಮೂರನ್ನೂ ತಮಗಲ್ಲವೆಂದು ಬಿಟ್ಟುಬಿಡುತ್ತಾರೆ. ಆಗ ರಜಾಪಟ್ಟಿ ಖಾಲಿ ಉಳಿದು, ತಿದ್ದುಪಡಿ ಬಂದ ಮೇಲೂ ಹಳೆಯ ದಂಡವೇ ಬೀಳುತ್ತದೆ. ಕನ್ನಡದಲ್ಲಿ ಇನ್ನೊಂದು ತೊಡಕೂ ಇದೆ. ‘ಸರಿಪಡಿಸಿ’ ಎನ್ನುವುದು ಗೌರವದ ಅಪ್ಪಣೆಯೂ ಹೌದು, ‘ಸರಿಪಡಿಸಿ ಕಳಿಸಿದರು’ ಎನ್ನುವಾಗಿನ ಅಪೂರ್ಣ ಕ್ರಿಯೆಯೂ ಹೌದು. ಒಂಟಿ ಸಾಲಿನಲ್ಲಿ ಯಾವುದೆಂದು ಹೇಳುವುದೇ ಕಷ್ಟ.

ಇಲ್ಲಿ ಬೇಕಾಗುವುದು ಇಂಗ್ಲಿಷ್ ತರಗತಿಯಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಎಂದು ಕಲಿತ ರೂಪ: ಕೆಲಸ ಹಿಂದೆ ನಡೆದದ್ದು, ಫಲ ಈಗ ಇದೆ. ‘ರಜಾ ದಿನಗಳನ್ನು ದಂಡದ ಲೆಕ್ಕದಿಂದ ಬಿಡಲಾಗಿದೆ.’ ಗಿಟ್ ಯೋಜನೆಯವರೂ ಹೀಗೇ ಮಾಡುತ್ತಾರೆ. ಕಮಿಟ್‌ನಲ್ಲಿ ಅಪ್ಪಣೆ ಕೇಳುವ ಅದೇ ಜನ ತಮ್ಮ ರಿಲೀಸ್ ನೋಟ್ಸ್‌ನಲ್ಲಿ, ಮೊದಲು ಹೀಗಾಗುತ್ತಿತ್ತು, ಅದನ್ನು ಸರಿಪಡಿಸಲಾಗಿದೆ ಎಂಬ ಧಾಟಿಗೆ ಹೊರಳುತ್ತಾರೆ. ಓದುಗ ಈಗ ಹೊಸ್ತಿಲು ದಾಟಿದ್ದಾನೆ. ಹಳೆಯ ಸ್ಥಿತಿ ‘ಆಗುತ್ತಿತ್ತು’ ಆಗಿದೆ, ಹೊಸದು ಅವನ ಕೈಯಲ್ಲಿದೆ. ಇದನ್ನೇ ಚಿಕ್ಕದಾಗಿ ಹೇಳುವ ಕ್ರಮವೂ ಪ್ರಚಲಿತವಾಗಿದೆ. `Added`, `Changed`, `Fixed` ಎಂಬ ತಲೆಬರಹಗಳ ಕೆಳಗೆ ಬದಲಾವಣೆಗಳನ್ನು ಪಟ್ಟಿ ಮಾಡಿದರೆ ಕೆಲಸ ಮುಗಿದಿದೆ ಎಂಬ ಸೂಚನೆಯನ್ನು ತಲೆಬರಹವೇ ಕೊಡುತ್ತದೆ.

‘ಲಾಗಿದೆ’ಗಳ ಸಾಲು ಸರ್ಕಾರಿ ಸುತ್ತೋಲೆಯಂತೆ ಕೇಳುತ್ತದೆ ಎನ್ನುವುದು ನಿಜ. ಅದಕ್ಕೆ ನಾನು ಸೂಚಿಸುವ ದಾರಿ, ಬಳಕೆದಾರರಿಗೆ ಕಾಣುವ ಫಲವನ್ನೇ ಹೇಳುವುದು: ‘ಇನ್ನು ರಜಾ ದಿನಗಳಿಗೆ ದಂಡ ಬೀಳುವುದಿಲ್ಲ.’ ಅಪ್ಪಣೆಯ ರೂಪವನ್ನು ಅವರು ನಿಜವಾಗಿ ಮಾಡಬೇಕಾದ ಕೆಲಸಕ್ಕೆಂದು ಮೀಸಲಿಟ್ಟು, ‘ಹೊಸ ಆವೃತ್ತಿ ಹಾಕಿದ ಮೇಲೆ ನೀವು ಮಾಡಬೇಕಾದ್ದು’ ಎಂಬ ಬೇರೆ ಭಾಗದಲ್ಲಿ ಕೊಡಬೇಕು. ಪರೀಕ್ಷಿಸುವುದು ಸುಲಭ. ಪ್ರತಿ ಸಾಲಿಗೂ ‘ಯಾರು?’ ಎಂದು ಕೇಳಿ. ಉತ್ತರ ಎರಡು ಬಗೆಯಲ್ಲಿ ಬಂದರೆ ಆ ಸಾಲನ್ನು ತಿದ್ದಬೇಕು.

‘ಆಗಿದೆ’ ಎಂದರೆ ಎಲ್ಲಿ ಆಗಿದೆ?

ರಿಲೀಸ್ ನೋಟ್ಸ್‌ನಲ್ಲಿ ಚೆನ್ನಾಗಿ ಒದಗಿದ ಅದೇ ರೂಪ ಪ್ರಗತಿ ವರದಿಯಲ್ಲಿ ಮೋಸ ಮಾಡುತ್ತದೆ. ‘ದಂಡದ ದೋಷವನ್ನು ಸರಿಪಡಿಸಿದ್ದೇವೆ’ ಎಂದು ತಂಡ ಬರೆಯುತ್ತದೆ. ಅದನ್ನು ಓದಿದ ಮ್ಯಾನೇಜರ್ ಕಾಲೇಜುಗಳಿಗೆ ಫೋನ್ ಮಾಡಿ ‘ಸರಿಯಾಗಿದೆ, ನೋಡಿಕೊಳ್ಳಿ’ ಎನ್ನುತ್ತಾರೆ. ಅಲ್ಲಿ ನೋಡಿದರೆ ಹಳೆಯ ದಂಡವೇ ಇದೆ. ತಂಡ ಸುಳ್ಳು ಹೇಳಿಲ್ಲ: ತಿದ್ದುಪಡಿ ಮೂಲ ಕೋಡ್‌ಗೆ ಸೇರಿದೆ, ಕಾಲೇಜಿನ ಕಂಪ್ಯೂಟರಿಗೆ ಹೋಗಿಲ್ಲ. ರಿಲೀಸ್ ನೋಟ್ಸ್ ಯಾವ ಆವೃತ್ತಿಯದೆಂದು ಮೇಲೆಯೇ ಬರೆದಿರುವುದರಿಂದ ‘ಆಗಿದೆ’ ಎಲ್ಲಿ ಎಂಬುದು ಅಲ್ಲಿ ಗೊತ್ತಿರುತ್ತದೆ. ವರದಿಯಲ್ಲಿ ಆ ಗುರುತು ಇರುವುದಿಲ್ಲ.

ಇಲ್ಲಿ ಸಾದಾ ಭೂತಕಾಲವೇ ಒಳ್ಳೆಯದು. ಅದು ದಿನವನ್ನೂ ಜಾಗವನ್ನೂ ಹೇಳಿಸುತ್ತದೆ: ‘ಮಂಗಳವಾರ ತಿದ್ದುಪಡಿಯನ್ನು ಮೂಲ ಕೋಡ್‌ಗೆ ಸೇರಿಸಿದೆವು. ಗುರುವಾರ ಪರೀಕ್ಷೆಯ ಸರ್ವರ್‌ಗೆ ಹಾಕಿದೆವು. ಕಾಲೇಜುಗಳಿಗೆ ಇನ್ನೂ ಕಳಿಸಿಲ್ಲ.’

ಆ ಕೊನೆಯ ‘ಕಳಿಸಿಲ್ಲ’ವನ್ನು ಬೇಕೆಂದೇ ಆರಿಸಿದ್ದು. ಕನ್ನಡದಲ್ಲಿ ‘ಕಳಿಸಲಿಲ್ಲ’ ಎಂದರೆ ಆ ಸಂದರ್ಭ ಕಳೆದುಹೋಯಿತು, ಕಳಿಸುವುದು ಆಗಲಿಲ್ಲ ಎಂದು ಕೇಳಿಸುತ್ತದೆ. ‘ಕಳಿಸಿಲ್ಲ’ ಎಂದರೆ ಕೆಲಸ ಇನ್ನೂ ಬಾಕಿಯಿದೆ. ‘ಹಳೆಯ ದಂಡದ ದಾಖಲೆಗಳನ್ನು ಪರೀಕ್ಷಿಸಲಿಲ್ಲ’ ಎಂದು ಓದಿದವರು ಏಕೆ ಬಿಟ್ಟಿರಿ ಎಂದು ಕೇಳುತ್ತಾರೆ. ‘ಪರೀಕ್ಷಿಸಿಲ್ಲ’ ಎಂದು ಓದಿದವರು ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಾರೆ. ಬಾಕಿ ಕೆಲಸವನ್ನು ತೋರಿಸಬೇಕಾದ ವರದಿಯಲ್ಲಿ ಈ ವ್ಯತ್ಯಾಸಕ್ಕೆ ಬೆಲೆಯಿದೆ.

ಇಂಗ್ಲಿಷಿನಲ್ಲಿ ವರದಿ ಬರೆಯುವ ಕನ್ನಡಿಗರು ಇಲ್ಲೇ ಒಂದು ಕಡೆ ಎಡವುತ್ತಾರೆ. ‘ನಿನ್ನೆಯೇ ಹಾಕಿದ್ದೇವೆ’ ಎನ್ನುವುದು ನಮ್ಮ ಮಾತಿನಲ್ಲಿ ಸಹಜ. ಅದೇ ಅಭ್ಯಾಸದಲ್ಲಿ ‘ವಿ ಹ್ಯಾವ್ ಡಿಪ್ಲಾಯ್ಡ್ ಇಟ್ ಯೆಸ್ಟರ್‌ಡೇ’ ಎಂದು ಬರೆದರೆ, ಇಂಗ್ಲಿಷಿನ ಆ ರೂಪಕ್ಕೂ ನಿರ್ದಿಷ್ಟ ದಿನಕ್ಕೂ ಹೊಂದುವುದಿಲ್ಲ. ದಿನ ಹೇಳುವುದಾದರೆ ‘ಹ್ಯಾವ್’ ಬಿಡಬೇಕು, ‘ಹ್ಯಾವ್’ ಇಡುವುದಾದರೆ ದಿನ ಬಿಡಬೇಕು. ವರದಿಯಲ್ಲಿ ದಿನ ಬೇಕೇಬೇಕು, ಹಾಗಾಗಿ ಬಿಡಬೇಕಾದ್ದು ‘ಹ್ಯಾವ್’.

ಸೇವೆ ಕೆಟ್ಟು ನಿಂತಾಗಿನ ಪ್ರಕಟಣೆಗಳಲ್ಲಿ ಎರಡೂ ರೂಪಗಳು ಒಂದರ ನಂತರ ಒಂದು ಬರುತ್ತವೆ. ದೋಷ ನಡೆಯುತ್ತಿರುವಾಗ ‘ಕಾರಣ ಗೊತ್ತಾಗಿದೆ, ತಿದ್ದುಪಡಿ ಹಾಕಿದ್ದೇವೆ, ಗಮನಿಸುತ್ತಿದ್ದೇವೆ’ ಎಂದು ಈಗಿನ ಸ್ಥಿತಿಯನ್ನು ಹೇಳಬೇಕು. ಓದುಗನಿಗೆ ಆಗ ಬೇಕಾಗಿರುವುದು ಅದೊಂದೇ. ಎಲ್ಲ ಮುಗಿದು ಕಾರಣಗಳ ವರದಿ ಬರೆಯುವಾಗ ಪೂರ್ತಿ ಭೂತಕಾಲಕ್ಕೆ ಹೋಗಬೇಕು: ‘10:05ಕ್ಕೆ ಸರ್ವರ್ ನಿಂತಿತು, 10:20ಕ್ಕೆ ಮೊದಲ ದೂರು ಬಂತು, 10:50ಕ್ಕೆ ಹಳೆಯ ಆವೃತ್ತಿಗೆ ಮರಳಿದೆವು.’ ದೂರು ಬರುವವರೆಗಿನ ಹದಿನೈದು ನಿಮಿಷ ಯಾರಿಗೂ ಏಕೆ ಗೊತ್ತಾಗಲಿಲ್ಲ ಎಂಬ ಪ್ರಶ್ನೆ ಏಳುವುದು ಹೀಗೆ ಗಂಟೆ ಹಾಕಿ ಬರೆದಾಗಲೇ. ಅದನ್ನೇ ‘ಸರ್ವರ್ ನಿಂತಿದೆ, ದೂರು ಬಂದಿದೆ, ಮರಳಲಾಗಿದೆ’ ಎಂದು ಬರೆದರೆ ಹದಿನೈದು ನಿಮಿಷವೂ ಕಾಣೆಯಾಗುತ್ತದೆ, ಕೇಳಬೇಕಾದ ಪ್ರಶ್ನೆಯೂ ಕಾಣೆಯಾಗುತ್ತದೆ.