ಒಲ್ಲೆನೆನ್ನುವ ಓಲೆ

ಮೈಸೂರಿನ ತರುಣನೊಬ್ಬನಿಗೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ದೊರೆತು, ಆತ ಒಪ್ಪಿಗೆಯ ಪತ್ರವನ್ನೂ ಕಳುಹಿಸಿದ್ದಾನೆನ್ನೋಣ. ಮೂರನೆಯ ದಿನ, ಹಿಂದೆ ಸಂದರ್ಶನಕ್ಕೆ ಹೋಗಿಬಂದಿದ್ದ ಪುಣೆಯ ಸಂಸ್ಥೆಯಿಂದಲೂ ಕರೆ ಬರುತ್ತದೆ. ಉತ್ತರಕ್ಕೆ ಒಂದು ವಾರದ ಗಡುವು. ಒಲ್ಲೆನೆನ್ನುವ ಸಂಕೋಚಕ್ಕೆ ಕೊನೆಯ ದಿನದವರೆಗೂ ಸುಮ್ಮನಿರುವವರುಂಟು. ಬಾಂಧವ್ಯ ಕೆಡುವುದು ಅಲ್ಲಿಯೇ. ಆಯ್ಕೆಯಲ್ಲಿ ಎರಡನೆಯವನಾಗಿ ನಿಂತವನನ್ನು ಸಂಸ್ಥೆ ಬಹುಮಟ್ಟಿಗೆ ಕಾಯಿಸಿಟ್ಟಿರುತ್ತದೆ. ತಡವಾದರೆ ಅವನೂ ಬೇರೆಡೆ ಸೇರಿಬಿಡುತ್ತಾನೆ, ಸಂದರ್ಶನವನ್ನೆಲ್ಲ ಮತ್ತೆ ನಡೆಸಬೇಕಾಗುತ್ತದೆ.

ಆದುದರಿಂದ ಬೆಂಗಳೂರಿನ ನೇಮಕದ ಆದೇಶ ಲಿಖಿತವಾಗಿ ಕೈಸೇರಿದೆಯೆಂದು ಖಚಿತಪಡಿಸಿಕೊಂಡು, ತನ್ನನ್ನು ಆರಿಸಿದ ಪುಣೆಯ ಅಧಿಕಾರಿಗೆ ಅಂದೇ ದೂರವಾಣಿಯಲ್ಲಿ ತಿಳಿಸುವುದು ಲೇಸು. ಬಳಿಕ ನಾಲ್ಕೇ ವಾಕ್ಯದ ಇ-ಮೇಲ್: “ತಾವು ನನ್ನಲ್ಲಿಟ್ಟ ವಿಶ್ವಾಸಕ್ಕೆ ಕೃತಜ್ಞನಾಗಿದ್ದೇನೆ. ತಮ್ಮ ಪತ್ರ ತಲುಪುವ ಮೊದಲೇ ಬೇರೊಂದು ಸಂಸ್ಥೆಗೆ ಒಪ್ಪಿಗೆ ಕೊಟ್ಟಿದ್ದೇನೆ. ಆದಕಾರಣ ಈ ಹುದ್ದೆಯನ್ನು ಸ್ವೀಕರಿಸಲಾರೆ. ದಯವಿಟ್ಟು ಬೇರೊಬ್ಬರನ್ನು ಆರಿಸಿಕೊಳ್ಳಬೇಕಾಗಿ ವಿನಂತಿ.”

ಸಂಬಳದ ಮಾತು ಅದರಲ್ಲಿ ಸುಳಿಯಕೂಡದು. ಸುಳಿದರೆ ಚೌಕಾಸಿಗೆ ಕರೆದಂತೆಯೇ. “ಇನ್ನಷ್ಟು ಕೊಟ್ಟರೆ ಬರುವಿರಾ?” ಎಂದು ಅವರಾಗಿಯೇ ಕೇಳಿದರೂ, “ಮಾತು ಕೊಟ್ಟಾಗಿದೆ, ಸಾರ್” ಎಂದರೆ ಸಾಕು. ಸೇರಲಿರುವ ಸಂಸ್ಥೆಯ ಹೆಸರನ್ನು ಕೇಳಿದರೆ ಹೇಳಬಹುದು. ತಾನಾಗಿ ಹೇಳುವ ಅಗತ್ಯವಿಲ್ಲ.