ಹೆಸರು ಬದಲಾದರೂ ಗಿರಾಕಿ ಬದಲಾಗಲಿಲ್ಲ

ನಲವತ್ತೈವತ್ತು ವರ್ಷಗಳ ಹಿಂದೆ ಅಂಗಡಿಗೆ ಹೋದವರು ‘ಗ್ಲೂಕೋಸ್ ಬಿಸ್ಕತ್ತು ಕೊಡಿ’ ಎನ್ನುತ್ತಿದ್ದರು. ಯಾವ ಕಂಪನಿಯದ್ದು ಎಂದು ಹೇಳುವವರು ಕಡಿಮೆ. ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಿದ್ದರು. ಇದರಿಂದ ಹೆಚ್ಚು ಪೆಟ್ಟು ತಿಂದದ್ದು ಮುಂಬೈನ ಚೌಹಾಣ್ ಕುಟುಂಬದ ಪಾರ್ಲೆ. 1929ರಲ್ಲಿ ವಿಲೆ ಪಾರ್ಲೆಯಲ್ಲಿ ಮಿಠಾಯಿ ಕಾರ್ಖಾನೆಯಾಗಿ ಶುರುವಾದ ಈ ಮನೆತನದ ಉದ್ಯಮ, ಸುಮಾರು ಹತ್ತು ವರ್ಷಗಳ ನಂತರ ‘ಪಾರ್ಲೆ ಗ್ಲೂಕೋ’ ಬಿಸ್ಕತ್ತು ತಂದಿತ್ತು. ಅದು ಗೆದ್ದ ಮೇಲೆ ಗ್ಲೂಕೋಸ್ ಹೆಸರಿನ ಬಿಸ್ಕತ್ತುಗಳು ಸಾಲುಸಾಲಾಗಿ ಬಂದವು. ಗ್ಲೂಕೋಸ್ ಎನ್ನುವುದು ಸಕ್ಕರೆಯ ಒಂದು ಬಗೆ. ಅದು ಯಾರೊಬ್ಬರ ಸ್ವತ್ತೂ ಅಲ್ಲ, ಹಾಗಾಗಿ ಬಳಸಬೇಡಿ ಎಂದು ತಡೆಯುವಂತಿರಲಿಲ್ಲ.

1980ರ ದಶಕದ ಆರಂಭದಲ್ಲಿ ಕಂಪನಿ ಹೆಸರು ಬದಲಿಸಿತು: ಪಾರ್ಲೆ-ಜಿ. ಎಷ್ಟು ಬದಲಿಸಿತು ಎನ್ನುವುದಕ್ಕಿಂತ ಎಷ್ಟನ್ನು ಮುಟ್ಟದೆ ಬಿಟ್ಟಿತು ಎಂಬುದನ್ನು ಇಲ್ಲಿ ಗಮನಿಸಬೇಕು. ‘ಪಾರ್ಲೆ’ ಉಳಿಯಿತು. ಎಲ್ಲರೂ ಬಳಸುತ್ತಿದ್ದ ‘ಗ್ಲೂಕೋ’ ಹೋಗಿ, ಅದರ ಮೊದಲ ಅಕ್ಷರವಷ್ಟೇ ನಿಂತಿತು. ಹಳೆಯ ಗಿರಾಕಿಗೆ ಆ ‘ಜಿ’ ಎಂದರೆ ಗ್ಲೂಕೋಸ್ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಳದಿ ಪಟ್ಟೆಯ ಪೊಟ್ಟಣ, ಅದರ ಮೇಲಿನ ಗುಂಡು ಮುಖದ ಮಗು, ಒಳಗಿನ ಬಿಸ್ಕತ್ತಿನ ರುಚಿ ಇದ್ದ ಹಾಗೇ ಇದ್ದವು.

ಓದು ಬಾರದವರು ಆ ಪೊಟ್ಟಣವನ್ನು ಗುರುತಿಸುತ್ತಿದ್ದದ್ದು ಮಗುವಿನ ಚಿತ್ರದಿಂದಲೇ. ಆ ಮಗು ಸುಧಾ ಮೂರ್ತಿಯವರು ಎಂಬ ಸುದ್ದಿ ಎಷ್ಟೋ ವರ್ಷ ಹರಿದಾಡಿತು. ಅದು ಕಲಾವಿದರ ಕಲ್ಪನೆಯಷ್ಟೇ ಎಂದು ಕಂಪನಿ ಕೊನೆಗೆ ಸ್ಪಷ್ಟಪಡಿಸಬೇಕಾಯಿತು. ಜನರ ಮನಸ್ಸಿನಲ್ಲಿ ಇಷ್ಟು ಗಟ್ಟಿಯಾಗಿ ಕೂತ ಚಿತ್ರವನ್ನು ಹೊಸತನದ ಆಸೆಗೆ ಅಳಿಸಿದ್ದರೆ, ಹೆಸರು ಮರೆತವನಿಗೆ ಹಿಡಿದುಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ಸಂದೇಶವೂ ನಿಧಾನವಾಗಿಯೇ ತಿರುಗಿತು. ಮೊದಲು ರುಚಿ ಮತ್ತು ಶಕ್ತಿಯ ಮಾತು. ಎಷ್ಟೋ ವರ್ಷಗಳ ಮೇಲೆ ‘ಜಿ’ ಎಂದರೆ ಜೀನಿಯಸ್ ಎಂಬ ಜಾಹೀರಾತು ಬಂತು. ಹೊಸ ಹೆಸರು ನಾಲಿಗೆಗೆ ಹತ್ತಿದ ಮೇಲಷ್ಟೇ ಅದಕ್ಕೆ ಹೊಸ ಅರ್ಥ ಕೊಟ್ಟರು.

ಇದಕ್ಕೆ ತದ್ವಿರುದ್ಧವಾದದ್ದು ಅಮೆರಿಕದ ಟ್ರಾಪಿಕಾನಾ ಕಿತ್ತಳೆ ರಸದ ಕಥೆ. 2009ರಲ್ಲಿ ಪೆಪ್ಸಿಕೋ ಅದರ ಡಬ್ಬಿಯ ಮೇಲಿದ್ದ, ಸ್ಟ್ರಾ ಚುಚ್ಚಿದ ಕಿತ್ತಳೆಯ ಚಿತ್ರ ತೆಗೆದು ಗಾಜಿನ ಲೋಟ ಹಾಕಿತು. ಅಕ್ಷರದ ಶೈಲಿಯನ್ನೂ ಅದೇ ಹೊತ್ತಿಗೆ ಬದಲಿಸಿತು. ರಸ ಅದೇ, ಹೆಸರೂ ಅದೇ. ಆದರೆ ಅಂಗಡಿಯ ಕಪಾಟಿನಲ್ಲಿ ಜನರಿಗೆ ಅದು ಗುರುತೇ ಸಿಗಲಿಲ್ಲ. ಎರಡು ತಿಂಗಳೊಳಗೆ ಮಾರಾಟ ಸುಮಾರು 20 ಪ್ರತಿಶತ ಕುಸಿದು, ಹಳೆಯ ಡಬ್ಬಿಯೇ ಮರಳಿತು.

ಈಗ ನಮ್ಮೂರಿನ ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ಅಜ್ಜ ‘ಶುದ್ಧ ಕಾಫಿ’ ಎಂಬ ಹೆಸರಲ್ಲಿ ಪುಡಿ ಮಾರಲು ಶುರು ಮಾಡಿದ್ದರು; ಮೊಮ್ಮಗನಿಗೆ ಬೇರೆ ಊರುಗಳಲ್ಲೂ ಮಾರುವ ಆಸೆ. ಗುಣವನ್ನಷ್ಟೇ ಹೇಳುವ ಇಂಥ ಪದಕ್ಕೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟ, ಹಾಗಾಗಿ ಹೆಸರು ಬದಲಿಸಲು ಸಕಾರಣವಿದೆ. ಆದರೆ ವಿನ್ಯಾಸಗಾರರ ಬಳಿ ಹೋಗುವ ಮುನ್ನ ಒಂದು ಕೆಲಸ ಮಾಡಬೇಕು. ಪೊಟ್ಟಣದ ಹೆಸರಿನ ಮೇಲೆ ಕಾಗದ ಅಂಟಿಸಿ, ಬೇರೆ ನಾಲ್ಕು ಪೊಟ್ಟಣಗಳ ಜೊತೆ ಇಟ್ಟು, ಹಳೆಯ ಗಿರಾಕಿಗಳಿಗೆ ‘ನಮ್ಮದು ಯಾವುದು’ ಎಂದು ಕೇಳಬೇಕು. ಯಾವುದರಿಂದ ಗೊತ್ತಾಯಿತು ಎಂದೂ ಕೇಳಬೇಕು. ‘ಕೆಂಪು ಬಣ್ಣ ನೋಡಿದೆ’ ಎಂದು ಹೆಚ್ಚಿನವರು ಹೇಳಿದರೆ ಆ ಕೆಂಪನ್ನು ಮುಟ್ಟಬಾರದು. ಯಾರೂ ಹೆಸರೆತ್ತದ ಬಳ್ಳಿ, ಚೌಕಟ್ಟು, ದಪ್ಪ ಅಕ್ಷರಗಳನ್ನು ಧೈರ್ಯವಾಗಿ ತೆಗೆಯಬಹುದು. ಇಷ್ಟಾಗಿಯೂ ‘ಪುಡಿಗೆ ಚಿಕೋರಿ ಜಾಸ್ತಿ ಮಾಡಿದ್ರಾ?’ ಎಂಬ ಪ್ರಶ್ನೆ ಬಂದರೆ, ಬದಲಾವಣೆ ಅತಿಯಾಯಿತು ಎಂದೇ ಲೆಕ್ಕ. ಹೊರಗಿನ ರೂಪ ಬದಲಾದಾಗ ಒಳಗಿನ ಸರಕಿನ ಮೇಲೂ ಜನರಿಗೆ ಅನುಮಾನ ಬರುತ್ತದೆ. ಅದಕ್ಕೇ ಹೆಸರು ಬದಲಿಸುವ ಹೊತ್ತಿನಲ್ಲಿ ಮಿಶ್ರಣವನ್ನಾಗಲಿ ಬೆಲೆಯನ್ನಾಗಲಿ ಬದಲಿಸಬಾರದು.

ಹೊಸ ಹೆಸರಿನ ಕೆಳಗೆ ‘ಹಿಂದಿನ ಶುದ್ಧ ಕಾಫಿ’ ಎಂದು ಒಂದೆರಡು ವರ್ಷ ಅಚ್ಚಾಗಲಿ. ಗಲ್ಲಾದ ಮೇಲೆ ಕೂತವರು, ಹೆಸರು ಯಾಕೆ ಬದಲಾಯಿತು ಎಂಬುದನ್ನು ಒಂದೇ ಮಾತಿನಲ್ಲಿ ಹೇಳುವಂತಿರಲಿ: ‘ಈ ಹೆಸರಲ್ಲಿ ಬೇರೆಯವರೂ ಮಾರ್ತಿದ್ದಾರೆ, ಪುಡಿ ಅದೇ.’ ಸತ್ಯವಾದ ಕಾರಣವನ್ನು ಗಿರಾಕಿ ಒಪ್ಪುತ್ತಾರೆ. ‘ಹೊಸ ಯುಗ, ಹೊಸ ಪಯಣ’ ಎಂಬ ಫ್ಲೆಕ್ಸ್ ಅವರಿಗೆ ಏನನ್ನೂ ತಿಳಿಸುವುದಿಲ್ಲ.

ಹಳೆಯ ಹೆಸರು ಅಥವಾ ಚಿತ್ರ ನೋಂದಣಿಯಾಗಿದ್ದರೆ ಇನ್ನೊಂದು ಎಚ್ಚರ ಬೇಕು. ನಮ್ಮ ಕಾನೂನಿನಲ್ಲಿ ಟ್ರೇಡ್‌ಮಾರ್ಕನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಐದು ವರ್ಷಕ್ಕೂ ಮೀರಿ ಬಳಸದೆ ಬಿಟ್ಟರೆ ಅದನ್ನು ಪಟ್ಟಿಯಿಂದ ತೆಗೆಸಲು ಬೇರೆಯವರು ಅರ್ಜಿ ಹಾಕಬಹುದು. ಆದ್ದರಿಂದ ಒಂದಾದರೂ ಸರಕನ್ನು ಹಳೆಯ ಗುರುತಿನಲ್ಲೇ ಮಾರುತ್ತಿರುವುದು ಒಳ್ಳೆಯದು. ಇಲ್ಲದಿದ್ದರೆ ನಿಮ್ಮ ಅಜ್ಜ ಗಳಿಸಿದ ಹೆಸರು ಮುಂದೊಂದು ದಿನ ಪ್ರತಿಸ್ಪರ್ಧಿಯ ಪೊಟ್ಟಣದ ಮೇಲೆ ಬಂದೀತು.